ವಾಟ್ಸಾಪ್‌ನಲ್ಲಿ ಹೇಳಿದ್ದು ನೋಟಿಸ್ ಆಗುತ್ತದೆಯೇ? ಕರಾರು ಕೇಳುವ ಅಂಚೆ, ಕೈಯಲ್ಲಿ ಉಳಿಯಬೇಕಾದ ಪುರಾವೆ

ಪ್ರಶ್ನೆ: ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಕ್ಕೆಂದು ಒಂದು ಗೋದಾಮು ಬಾಡಿಗೆಗೆ ಹಿಡಿದಿದ್ದೇನೆ. ತಿಂಗಳಿಗೆ 28,000 ರೂಪಾಯಿ ಬಾಡಿಗೆ, ಐದು ಲಕ್ಷ ಅಡ್ವಾನ್ಸ್. ಮೂರು ವರ್ಷದ ರಿಜಿಸ್ಟರ್ ಆದ ಕರಾರು 2026ರ ಮೇ 31ಕ್ಕೆ ಮುಗಿಯುತ್ತದೆ. ಮುಗಿಯುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲು ‘ರಿಜಿಸ್ಟರ್ಡ್ ಅಂಚೆ ಅಥವಾ ಕೊರಿಯರ್ ಮೂಲಕ ಲಿಖಿತ ನೋಟಿಸ್’ ತಲುಪದಿದ್ದರೆ, ಶೇಕಡ 10 ಹೆಚ್ಚಿನ ಬಾಡಿಗೆಗೆ ಇನ್ನೊಂದು ವರ್ಷ ಮುಂದುವರಿಯುತ್ತದೆ ಎಂದು ಬರೆದಿದೆ. ನಾನು ಡಿಸೆಂಬರ್‌ನಲ್ಲೇ ‘ಮುಂದುವರಿಸುವುದಿಲ್ಲ, ಖಾಲಿ ಮಾಡುತ್ತೇನೆ’ ಎಂದು ವಾಟ್ಸಾಪ್ ಮಾಡಿದೆ, ನೀಲಿ ಗುರುತು ಬಂತು, ಮಾಲೀಕರು ‘ನೋಡೋಣ’ ಅಂದರು. ಈಗ ‘ನನಗೆ ನೋಟಿಸ್ ಬಂದಿಲ್ಲ’ ಅನ್ನುತ್ತಿದ್ದಾರೆ. ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ಡ್ ಪೋಸ್ಟೇ ಈಗ ಇಲ್ಲ ಎಂದರು. ಮಾಲೀಕರು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಕಳಿಸಿದರೂ ತಗೊಳ್ಳದಿದ್ದರೆ ಏನು ಮಾಡಲಿ?

ಉತ್ತರ: ನೀವು ಜನವರಿಯಲ್ಲೇ ಕೇಳಿದ್ದು ಒಳ್ಳೆಯದಾಯಿತು. ಮಾರ್ಚ್‌ನಲ್ಲಿ ಕೇಳಿದ್ದರೆ ನಾನು ಬೇರೆಯೇ ಉತ್ತರ ಬರೆಯಬೇಕಾಗಿತ್ತು. ವಾಟ್ಸಾಪ್ ಮೆಸೇಜು ಸಾಕೋ ಸಾಲದೋ ಎಂದು ಮಾಲೀಕರ ಜೊತೆ ಈಗ ವಾದಕ್ಕೆ ಇಳಿಯಬೇಡಿ. ಕರಾರು ಯಾವ ರೀತಿಯಲ್ಲಿ ಕೇಳಿದೆಯೋ ಅದೇ ರೀತಿಯಲ್ಲಿ ಇನ್ನೊಮ್ಮೆ ನೋಟಿಸ್ ಕಳಿಸಿ. ಗಡುವು ದಾಟಿಲ್ಲದಿರುವಾಗ ಗೆಲ್ಲಲೂಬಹುದಾದ ವಾದಕ್ಕಿಂತ ವಾದವೇ ಬೇಡದ ದಾರಿ ಮೇಲು.

ವಾಟ್ಸಾಪ್ ಪೂರ್ತಿ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಮಾಲೀಕರಿಗೆ ನಿಮ್ಮ ಉದ್ದೇಶ ಡಿಸೆಂಬರ್‌ನಿಂದಲೇ ಗೊತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ. ಆ ಸಂಭಾಷಣೆಯನ್ನು ಅಳಿಸಬೇಡಿ, ಫೋನು ಬದಲಾಯಿಸಿದರೂ ಹಳೆಯ ಫೋನನ್ನು ಮಾರಬೇಡಿ. ಕೋರ್ಟಿಗೆ ಹಾಜರುಪಡಿಸುವ ಹೊತ್ತು ಬಂದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಅದರ ಜೊತೆಗೆ ಬೇಕಾಗುತ್ತದೆ. ಆದರೆ ಎರಡೂ ಕಡೆಯವರು ಸಹಿ ಹಾಕಿದ ಕರಾರು ‘ಇಂಥ ದಾರಿಯಲ್ಲೇ ತಿಳಿಸಬೇಕು’ ಎಂದು ಹೇಳಿರುವಾಗ, ಬೇರೆ ದಾರಿಯಲ್ಲಿ ಹೋದವರು ಅದೂ ಸಾಕು ಎಂದು ಸಾಧಿಸುವ ಹೊರೆ ಹೊರಬೇಕು. ನಿಮ್ಮ ಮಾಲೀಕರ ‘ನೋಡೋಣ’ ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಅದನ್ನು ನಂಬಿ ಕೂತರೆ ಹೋಗುವುದು 30,800 ರೂಪಾಯಿಯ ಹನ್ನೆರಡು ಕಂತು, ಅಂದರೆ 3,69,600 ರೂಪಾಯಿ. ಐದು ಲಕ್ಷ ಅಡ್ವಾನ್ಸ್ ಅವರ ಕೈಯಲ್ಲೇ ಇರುವುದರಿಂದ, ಅವರು ಕೋರ್ಟಿಗೆ ಹೋಗದೆ ಅದರಲ್ಲೇ ಮುರಿದುಕೊಳ್ಳಬಹುದು. ಆಗ ದಾವೆ ಹೂಡಬೇಕಾದವರು ನೀವು, ನೋಟಿಸ್ ಕೊಟ್ಟೆ ಎಂದು ತೋರಿಸಬೇಕಾದವರೂ ನೀವೇ. ತಾನಾಗಿಯೇ ಮುಂದುವರಿಯುವ ಷರತ್ತು ಕಾನೂನಿನಲ್ಲಿ ಎಷ್ಟು ಗಟ್ಟಿ ಎಂಬುದು ಬೇರೆಯೇ ವಿಷಯ. ಅದರ ತನಕ ಹೋಗದಂತೆ ನೋಡಿಕೊಳ್ಳೋಣ.

ಮೊದಲು ಕರಾರನ್ನು ಮುಂದಿಟ್ಟುಕೊಂಡು ಆ ಒಂದು ವಾಕ್ಯವನ್ನು ನಿಧಾನವಾಗಿ ಓದಿ. ‘ಕಳಿಸಬೇಕು’ ಎಂದಿದೆಯೋ, ‘ತಲುಪಬೇಕು’ ಎಂದಿದೆಯೋ? ಜನ ಸೋಲುವುದು ಹೆಚ್ಚಾಗಿ ಈ ಪದದ ಮೇಲೆ. ನೀವು ಬರೆದಿರುವ ಪ್ರಕಾರ ನಿಮ್ಮದರಲ್ಲಿ ‘ತಲುಪದಿದ್ದರೆ’ ಎಂದಿದೆ. ಹಾಗಾಗಿ ಅಂಚೆಗೆ ಹಾಕಿದ ದಿನ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮೇ 31ಕ್ಕೆ ಹಿಂದೆ ಮೂರು ಪೂರ್ತಿ ತಿಂಗಳು ಎಂದರೆ ಮಾರ್ಚ್, ಏಪ್ರಿಲ್, ಮೇ. ಫೆಬ್ರವರಿ 28ರ ಶನಿವಾರದೊಳಗೆ ಕವರು ಅವರ ಮನೆ ಬಾಗಿಲು ಮುಟ್ಟಿರಬೇಕು. ಕೆಲವು ಕರಾರುಗಳಲ್ಲಿ ‘ಅಂಚೆಗೆ ಹಾಕಿದ ಮೂರನೆಯ ದಿನ ತಲುಪಿದಂತೆ ಭಾವಿಸತಕ್ಕದ್ದು’ ಎಂಬ ಸಾಲು ಕೊನೆಯ ಪುಟಗಳಲ್ಲಿ ಎಲ್ಲೋ ಅಡಗಿರುತ್ತದೆ. ಅದು ಇದ್ದರೆ ನಿಮಗೆ ದೊಡ್ಡ ಆಸರೆ, ಹುಡುಕಿ ನೋಡಿ.

28ನೇ ತಾರೀಕು ಕೊನೆಯ ದಿನ ಎಂದ ಮಾತ್ರಕ್ಕೆ 25ರಂದು ಕಳಿಸುವುದಲ್ಲ. ಫೆಬ್ರವರಿ 2ರ ಸೋಮವಾರ ಕಳಿಸಿ ಎಂದು ನಾನು ಹೇಳುತ್ತೇನೆ, ಅದಕ್ಕೆ ಕಾರಣ ಇದೆ. ತಿಪಟೂರಿನಿಂದ ಬೆಂಗಳೂರಿಗೆ ಸ್ಪೀಡ್ ಪೋಸ್ಟ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಪೋಸ್ಟ್‌ಮ್ಯಾನ್ 4ರಂದು ಹೋದಾಗ ಬಾಗಿಲು ಹಾಕಿತ್ತು ಎಂದಿಟ್ಟುಕೊಳ್ಳಿ. ಅವರು ಚೀಟಿ ಬಿಟ್ಟು ಬರುತ್ತಾರೆ, ಕವರು ಸುಮಾರು ಏಳು ದಿನ ಅಂಚೆ ಕಚೇರಿಯಲ್ಲೇ ಕಾಯುತ್ತದೆ, ಯಾರೂ ಬಂದು ತಗೊಳ್ಳದಿದ್ದರೆ ನಿಮಗೆ ವಾಪಸ್ ಹೊರಡುತ್ತದೆ. ಅದು ನಿಮ್ಮ ಕೈಗೆ ಬರುವ ಹೊತ್ತಿಗೆ 14 ಅಥವಾ 15ನೇ ತಾರೀಕು. ಆಗಲೂ ಎರಡನೆಯ ಪ್ರಯತ್ನಕ್ಕೆ ಎರಡು ವಾರ ಉಳಿದಿರುತ್ತದೆ. 20ನೇ ತಾರೀಕಿನ ನಂತರ ಕಳಿಸಿದವರಿಗೆ ಆ ಎರಡನೆಯ ಅವಕಾಶ ಇರುವುದಿಲ್ಲ.

ಈಗ ‘ರಿಜಿಸ್ಟರ್ಡ್ ಪೋಸ್ಟ್ ಇಲ್ಲ’ ಎಂಬ ಮಾತಿಗೆ ಬರೋಣ. ಕೌಂಟರಿನವರು ಹೇಳಿದ್ದು ನಿಜವೇ, ಆದರೆ ಅರ್ಧ ನಿಜ. ಅಂಚೆ ಇಲಾಖೆ 2025ರಲ್ಲಿ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿತು. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿಗೆ ‘ರಿಜಿಸ್ಟ್ರೇಷನ್’ ಎಂಬುದು ಹೆಚ್ಚುವರಿ ಸೇವೆಯಾಗಿ ಸಿಗುತ್ತಿದೆ. ಅದಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ ಬೇರೆ. ಬರೀ ಸ್ಪೀಡ್ ಪೋಸ್ಟ್ ಆದರೆ ಆ ವಿಳಾಸದಲ್ಲಿ ಇದ್ದವರ ಕೈಗೆ ಕೊಟ್ಟು ಹೋಗಬಹುದು. ರಿಜಿಸ್ಟ್ರೇಷನ್ ಸೇರಿಸಿದರೆ ಹೆಸರಿದ್ದವರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡಬೇಕು. ಹಳೆಯ ರಿಜಿಸ್ಟರ್ಡ್ ಅಂಚೆಯ ಜೀವಾಳವೂ ಇದೇ ಆಗಿತ್ತು. ಆದ್ದರಿಂದ ‘ಸ್ಪೀಡ್ ಪೋಸ್ಟ್, ಜೊತೆಗೆ ರಿಜಿಸ್ಟ್ರೇಷನ್, ಡೆಲಿವರಿ ಆದದ್ದಕ್ಕೆ ಪುರಾವೆಯೂ ಬೇಕು’ ಎಂದು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರು ಮಾಮೂಲಿ ಸ್ಪೀಡ್ ಪೋಸ್ಟ್ ಮಾಡಿ ಕೊಡುತ್ತಾರೆ. ರಸೀದಿಯಲ್ಲಿ ರಿಜಿಸ್ಟ್ರೇಷನ್ ಶುಲ್ಕ ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿ. ನಾಳೆ ಎದುರು ವಕೀಲರು ‘ಕರಾರು ಕೇಳಿದ್ದು ರಿಜಿಸ್ಟರ್ಡ್ ಅಂಚೆ, ಇವರು ಕಳಿಸಿದ್ದು ಸ್ಪೀಡ್ ಪೋಸ್ಟ್’ ಎಂದರೆ, ಆ ಒಂದು ಸಾಲು ಅವರಿಗೆ ಉತ್ತರವಾಗುತ್ತದೆ. ಎರಡು ಹಾಳೆಯ ನೋಟಿಸು 50 ಗ್ರಾಂ ಒಳಗೇ ಇರುತ್ತದೆ, ಹಾಗಾಗಿ ಎಲ್ಲ ಸೇರಿಸಿದರೂ ಒಂದು ಕವರಿಗೆ ನೂರು ರೂಪಾಯಿ ದಾಟದು.

ರಿಜಿಸ್ಟರ್ಡ್ ಅಂಚೆಯ ಮೇಲೆ ನಾನು ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾನೂನಿನ ಕಾರಣ ಇದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನ ಪ್ರಕಾರ, ಕಾಯ್ದೆಯೊಂದು ಅಂಚೆಯ ಮೂಲಕ ಜಾರಿ ಮಾಡಬೇಕು ಎಂದಿದ್ದಲ್ಲಿ, ಸರಿಯಾದ ವಿಳಾಸ ಬರೆದು, ಪೂರ್ತಿ ಶುಲ್ಕ ಕಟ್ಟಿ, ರಿಜಿಸ್ಟರ್ಡ್ ಅಂಚೆಗೆ ಹಾಕಿದರೆ, ಮಾಮೂಲಿಯಾಗಿ ಆ ಪತ್ರ ತಲುಪಬೇಕಾದ ಹೊತ್ತಿಗೆ ತಲುಪಿತು ಎಂದೇ ಭಾವಿಸಬೇಕು. ತಲುಪಿಲ್ಲ ಎನ್ನುವವರು ಅದನ್ನು ಸಾಬೀತು ಮಾಡಬೇಕು. ನಿಮ್ಮದು ಕಾಯ್ದೆಯ ನೋಟಿಸ್ ಅಲ್ಲ, ಕರಾರಿನ ನೋಟಿಸ್. ಹಾಗಿದ್ದರೂ ಅಂಚೆ ಇಲಾಖೆ ತನ್ನ ಕೆಲಸವನ್ನು ಮಾಮೂಲಿನಂತೆ ಮಾಡಿದೆ ಎಂದು ಊಹಿಸಲು ಸಾಕ್ಷ್ಯ ಕಾನೂನೂ ನ್ಯಾಯಾಧೀಶರಿಗೆ ಅವಕಾಶ ಕೊಡುತ್ತದೆ. ಹಳೆಯ ಕಾಯ್ದೆಯಲ್ಲಿ 114ನೇ ಕಲಮು, ಈಗ 119. ತಗೊಳ್ಳುವುದಿಲ್ಲ ಎಂದು ಕವರು ವಾಪಸ್ ಕಳಿಸಿದವರಿಗೆ ಇದೇ ಎದುರಾಗುವುದು. ಸುಪ್ರೀಂ ಕೋರ್ಟ್ 2007ರಲ್ಲಿ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ, ಚೆಕ್ ಬೌನ್ಸ್ ನೋಟಿಸಿನ ವಿಚಾರ ಬಂದಾಗ, ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಪತ್ರ ‘ನಿರಾಕರಿಸಿದರು’, ‘ಮನೆ ಬಾಗಿಲು ಹಾಕಿದೆ’ ಎಂಬಂಥ ಷರಾ ಹೊತ್ತು ವಾಪಸ್ ಬಂದರೂ ಜಾರಿಯಾಗಿದೆ ಎಂದು ಊಹಿಸಬೇಕು ಎಂಬ ನಿಲುವನ್ನೇ ಗಟ್ಟಿ ಮಾಡಿತು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಅವರು ತಗೊಳ್ಳದಿದ್ದರೆ ನೀವು ಹೆದರಬೇಕಾದ್ದಿಲ್ಲ. ವಿಳಾಸ ತಪ್ಪಿದ್ದರೆ ಮಾತ್ರ ಹೆದರಬೇಕು.

ವಿಳಾಸದ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಕರಣದ ಕಷ್ಟ ಅಲ್ಲೇ ಇದೆ. ವಾಪಸ್ ಬಂದ ಕವರಿನ ಮೇಲಿನ ಷರಾಗಳೆಲ್ಲ ಒಂದೇ ತೂಕದವಲ್ಲ. ‘ನಿರಾಕರಿಸಿದರು’ ಎಂಬುದು ಎಲ್ಲಕ್ಕಿಂತ ಗಟ್ಟಿ. ಚೀಟಿ ಕೊಟ್ಟರೂ ಬಂದು ತಗೊಳ್ಳಲಿಲ್ಲ, ಬಾಗಿಲು ಹಾಕಿತ್ತು ಎಂಬವೂ ಸಾಮಾನ್ಯವಾಗಿ ನಿಮ್ಮ ಪರವೇ. ಆದರೆ ‘ಮನೆ ಬಿಟ್ಟು ಹೋಗಿದ್ದಾರೆ’, ‘ಈ ಹೆಸರಿನವರು ಇಲ್ಲಿಲ್ಲ’, ‘ವಿಳಾಸ ಸಾಲದು’ ಎಂದು ಬಂದರೆ, ‘ಸರಿಯಾದ ವಿಳಾಸ’ ಎಂಬ ಬುನಾದಿಯೇ ಅಲುಗಾಡುತ್ತದೆ. ಕರಾರಿನಲ್ಲಿ ತಿಪಟೂರಿನ ಮನೆಯ ವಿಳಾಸ ಇದ್ದು, ಮಾಲೀಕರು ಬೆಂಗಳೂರಿನಲ್ಲಿ ಇರುವಾಗ, ಬರೀ ತಿಪಟೂರಿಗೆ ಕಳಿಸಿದರೆ ‘ಅಲ್ಲಿ ನಾನಿಲ್ಲ ಎಂದು ಗೊತ್ತಿದ್ದೂ ಕಳಿಸಿದ’ ಎನ್ನುತ್ತಾರೆ. ಬರೀ ಬೆಂಗಳೂರಿಗೆ ಕಳಿಸಿದರೆ ‘ಕರಾರಿನ ವಿಳಾಸಕ್ಕೆ ಬಂದೇ ಇಲ್ಲ’ ಎನ್ನುತ್ತಾರೆ. ಎರಡಕ್ಕೂ ಕಳಿಸಿ. ಒಂದೇ ದಿನ, ಒಂದೇ ನೋಟಿಸಿನ ಎರಡು ಮೂಲ ಪ್ರತಿ, ಎರಡಕ್ಕೂ ಶಾಯಿಯ ಸಹಿ. ಎರಡೂ ವಿಳಾಸವನ್ನು ನೋಟಿಸಿನ ತಲೆಯಲ್ಲಿ ಬರೆಯಿರಿ. ವಿಳಾಸ ಬದಲಾದರೆ ಲಿಖಿತವಾಗಿ ತಿಳಿಸಬೇಕು ಎಂಬ ಷರತ್ತು ಕರಾರಿನಲ್ಲಿದ್ದು ಮಾಲೀಕರು ತಿಳಿಸಿಲ್ಲದಿದ್ದರೆ, ತಿಪಟೂರಿನ ಕವರು ಹೇಗೇ ವಾಪಸ್ ಬಂದರೂ ಕರಾರಿನ ಮಟ್ಟಿಗೆ ನೀವು ಮಾಡಬೇಕಾದ್ದು ಮಾಡಿದಂತೆಯೇ. ಬೆಂಗಳೂರಿನ ವಿಳಾಸದಲ್ಲಿ ಮಗನ ಹೆಸರನ್ನು ‘ಕೇರ್ ಆಫ್’ ಎಂದು ಹಾಕಿ, ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡು ಎಲ್ಲ ಪೂರ್ತಿ ಇರಲಿ. ಬೆಂಗಳೂರಿನಲ್ಲಿ ಒಂದು ಅಡ್ಡರಸ್ತೆಯ ನಂಬರು ತಪ್ಪಿದರೆ ಕವರು ಇನ್ನೊಂದು ಬಡಾವಣೆ ಸುತ್ತಿ ಬರುತ್ತದೆ.

ನೋಟಿಸಿನ ಒಕ್ಕಣೆ ಉದ್ದ ಬೇಡ. ಸಿಟ್ಟು, ಹಳೆಯ ಜಗಳ, ಸೋರುವ ಛಾವಣಿ, ಇವು ಯಾವುವೂ ಅದರಲ್ಲಿ ಬರಬಾರದು. ನಿಮ್ಮ ಜಾಗದಲ್ಲಿದ್ದರೆ ನಾನು ಹೀಗೆ ಬರೆಯುತ್ತಿದ್ದೆ:

‘ತಮ್ಮ ಮತ್ತು ನನ್ನ ನಡುವೆ ಇಂಥ ದಿನಾಂಕದಂದು ತಿಪಟೂರು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇಂಥ ನಂಬರಿನಲ್ಲಿ ನೋಂದಣಿಯಾದ ಬಾಡಿಗೆ ಕರಾರಿನ ಇಂಥ ಷರತ್ತಿನ ಪ್ರಕಾರ ಈ ನೋಟಿಸ್ ನೀಡುತ್ತಿದ್ದೇನೆ. ಸದರಿ ಕರಾರು ದಿನಾಂಕ 31-5-2026ಕ್ಕೆ ಮುಕ್ತಾಯವಾಗುತ್ತದೆ. ಅದನ್ನು ಮುಂದುವರಿಸಲು ನನಗೆ ಇಷ್ಟವಿಲ್ಲ. ಅಂದು ಗೋದಾಮಿನ ಸ್ವಾಧೀನವನ್ನು ತಮಗೆ ಒಪ್ಪಿಸುತ್ತೇನೆ. ಸ್ವಾಧೀನ ಪಡೆಯುವಾಗ ಅಡ್ವಾನ್ಸ್ ಹಣ 5,00,000 ರೂಪಾಯಿಯನ್ನು ಕರಾರಿನಂತೆ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಈ ವಿಷಯವನ್ನು ಡಿಸೆಂಬರ್ 2025ರಲ್ಲಿ ವಾಟ್ಸಾಪ್ ಮೂಲಕವೂ ತಮಗೆ ತಿಳಿಸಿರುತ್ತೇನೆ.’

ಕೊನೆಯ ವಾಕ್ಯ ಮುಖ್ಯ. ಹಳೆಯ ಮೆಸೇಜನ್ನು ಕೈಬಿಟ್ಟಿಲ್ಲ, ಇದು ಅದರ ಮುಂದುವರಿಕೆ ಎಂದು ಅದು ಹೇಳುತ್ತದೆ. ‘ಮುಂದುವರಿಸಲು ಇಷ್ಟವಿಲ್ಲ’ ಎಂಬುದನ್ನು ನೇರವಾಗಿ ಬರೆಯಿರಿ. ‘ಮುಂದಿನ ದಿನಗಳಲ್ಲಿ ಖಾಲಿ ಮಾಡುವ ಆಲೋಚನೆ ಇದೆ’ ಎಂದು ಸೌಜನ್ಯಕ್ಕೆ ಮೆತ್ತಗೆ ಬರೆದ ಪತ್ರ ನೋಟಿಸೇ ಅಲ್ಲ ಎಂಬ ವಾದವನ್ನು ನಾನು ಕೋರ್ಟಿನಲ್ಲಿ ಎದುರಿಸಿದ್ದೇನೆ. ಕರಾರು ನಿಮ್ಮ ಅಂಗಡಿಯ ಹೆಸರಿನಲ್ಲಿದ್ದರೆ ಸಹಿಯೂ ಅಂಗಡಿಯ ಪರವಾಗಿ, ಮೊಹರಿನೊಂದಿಗೆ ಇರಲಿ. ಕರಾರಿಗೆ ಸಹಿ ಹಾಕಿದ ಮಾಲೀಕರು ಇಬ್ಬರಿದ್ದರೆ ಇಬ್ಬರಿಗೂ ಬೇರೆ ಬೇರೆ ಕವರು.

ಇನ್ನು ಪುರಾವೆ. ಜನ ಇದನ್ನು ಜಗಳ ಬಂದ ಮೇಲೆ ಹುಡುಕುತ್ತಾರೆ. ಆದರೆ ಅದು ಸಿದ್ಧವಾಗುವುದು ಅಂಚೆಗೆ ಹಾಕುವ ದಿನದ ಅರ್ಧ ಗಂಟೆಯಲ್ಲಿ.

ನನ್ನ ವಕೀಲಿಕೆಯ ಮೊದಲ ವರ್ಷಗಳಲ್ಲಿ ಮಧುಗಿರಿ ಕಡೆಯ ಒಬ್ಬರು ಅಕ್ಕಿ ಗಿರಣಿಯ ಬಾಡಿಗೆ ತಕರಾರು ಹಿಡಿದುಕೊಂಡು ಬಂದರು. ಪುಟ್ಟ ಪ್ಲಾಸ್ಟಿಕ್ ಚೀಲದಿಂದ ಸ್ವೀಕೃತಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಎದುರಾಳಿಯ ಸಹಿ, ತಾರೀಕು, ಅಂಚೆಯ ಮೊಹರು ಎಲ್ಲವೂ ಅಚ್ಚುಕಟ್ಟಾಗಿ ಇತ್ತು. ‘ನೋಟಿಸಿನ ಪ್ರತಿ ಕೊಡಿ’ ಎಂದೆ. ‘ಅದನ್ನೇ ಕಳಿಸಿದೆನಲ್ಲ ಸಾರ್’ ಎಂದರು. ಪ್ರತಿ ಇಟ್ಟುಕೊಂಡಿರಲಿಲ್ಲ. ಎದುರಾಳಿ ಪಾಟೀಸವಾಲಿನಲ್ಲಿ ಸಹಿ ತನ್ನದೇ ಎಂದು ಒಪ್ಪಿಕೊಂಡು, ಕವರಿನಲ್ಲಿ ಇದ್ದದ್ದು ಬಾಡಿಗೆ ಲೆಕ್ಕದ ಚೀಟಿ ಎಂದುಬಿಟ್ಟರು. ಕಾರ್ಡು ಹೇಳುವುದು ಒಂದು ಕವರು ತಲುಪಿತು ಎಂದಷ್ಟೇ, ಒಳಗೆ ಏನಿತ್ತು ಎಂದಲ್ಲ. ಆ ಪ್ರಕರಣ ರಾಜಿಯಲ್ಲಿ ಮುಗಿಯಿತು, ಆದರೆ ನಮ್ಮ ಕಕ್ಷಿದಾರರಿಗೆ ನ್ಯಾಯವಾಗಿ ಬರಬೇಕಾದ್ದರಲ್ಲಿ ಸಾಕಷ್ಟು ಬಿಟ್ಟುಕೊಡಬೇಕಾಯಿತು. ಅಂದಿನಿಂದ ಒಳಗಿನ ಕಾಗದವನ್ನೂ ಹೊರಗಿನ ಕವರನ್ನೂ ಬೆಸೆಯದೆ ನಾನು ಒಂದು ನೋಟಿಸನ್ನೂ ಕಳಿಸಿಲ್ಲ.

ಬೆಸೆಯುವುದು ಹೇಗೆ? ಹಿಂದಿನ ಹಿರಿಯ ವಕೀಲರು ಕವರನ್ನೇ ಬಳಸದೆ ನೋಟಿಸಿನ ಹಾಳೆಯನ್ನೇ ಮಡಚಿ ಅಂಟಿಸಿ, ಬೆನ್ನಿನ ಮೇಲೆ ವಿಳಾಸ ಬರೆದು ಕಳಿಸುತ್ತಿದ್ದರು. ಆಗ ಖಾಲಿ ಕವರು ಬಂತು ಎನ್ನಲು ಕವರೇ ಇರುತ್ತಿರಲಿಲ್ಲ. ಈಗ ಫೋನು ಇದೆ. ಸಹಿ ಹಾಕಿದ ನೋಟಿಸನ್ನು ವಿಳಾಸ ಬರೆದ ಕವರಿನ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ, ಮಡಚಿ ಒಳಗೆ ಹಾಕಿ ಅಂಟಿಸುವುದನ್ನು ಅರ್ಧ ನಿಮಿಷದ ವಿಡಿಯೊ ಮಾಡಿ. ಕವರಿನ ಮೇಲೆ ಎಡಗಡೆ ‘ದಿನಾಂಕ 2-2-2026ರ ಬಾಡಿಗೆ ಕರಾರು ಮುಕ್ತಾಯದ ನೋಟಿಸ್’ ಎಂದು ಬರೆಯಿರಿ. ಕವರು ವಾಪಸ್ ಬಂದರೂ ಆ ಬರಹ ನಿಮ್ಮ ಸಾಕ್ಷಿಯೇ. ರಸೀದಿ ಬಂದ ಕೂಡಲೇ ಅದರ ನಂಬರನ್ನು ನಿಮ್ಮಲ್ಲಿ ಉಳಿಯುವ ಪ್ರತಿಯ ತಲೆಯಲ್ಲಿ ಬರೆದುಕೊಳ್ಳಿ. ಆ ನಂಬರಿನಲ್ಲಿ ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ IN ಇರುತ್ತದೆ. ಅದೇ ಸಂಜೆ ನೋಟಿಸಿನ ಫೋಟೊವನ್ನೂ ರಸೀದಿಯ ಫೋಟೊವನ್ನೂ ಮಾಲೀಕರ ವಾಟ್ಸಾಪಿಗೆ ಹಾಕಿ, ‘ಈ ನೋಟಿಸನ್ನು ಈ ನಂಬರಿನ ಅಂಚೆಯಲ್ಲಿ ಇವತ್ತು ಕಳಿಸಿದ್ದೇನೆ’ ಎಂದು ಬರೆಯಿರಿ. ನಿಮ್ಮ ವಾಟ್ಸಾಪ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ನೋಟಿಸಿನ ಜಾಗದಲ್ಲಿ ನಿಲ್ಲಲಾರದ ಮೆಸೇಜು, ನೋಟಿಸಿನ ಒಳಗೆ ಏನಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿಯಾಗಿ ನಿಲ್ಲುತ್ತದೆ.

ರಸೀದಿಯಲ್ಲಿ ತೂಕವನ್ನೂ ನೋಡಿ. ಮಾಮೂಲಿ ಎ4 ಹಾಳೆ ಒಂದಕ್ಕೆ ಸುಮಾರು 5 ಗ್ರಾಂ ತೂಗುತ್ತದೆ. ಎರಡು ಹಾಳೆಯ ನೋಟಿಸಿಗೆ ಕರಾರಿನ ಆರು ಹಾಳೆ ಜೆರಾಕ್ಸ್ ಲಗತ್ತಿಸಿದರೆ ಕಾಗದವೇ 40 ಗ್ರಾಂ ಹತ್ತಿರ ಬರುತ್ತದೆ. ‘ಖಾಲಿ ಕವರು ಬಂತು’ ಎಂದವರಿಗೆ ಇಲಾಖೆಯ ಯಂತ್ರವೇ ಅಂದು ತೂಗಿದ ಅಂಕಿಯನ್ನು ತೋರಿಸಬಹುದು. ಒಳಗಿನ ಬರಹ ಏನೆಂದು ತೂಕ ಹೇಳುವುದಿಲ್ಲ, ಆದರೆ ಖಾಲಿ ಇರಲಿಲ್ಲ ಎಂಬುದನ್ನು ಹೇಳುತ್ತದೆ.

ಆ ರಸೀದಿಯ ಬಗ್ಗೆ ಒಂದು ಎಚ್ಚರ. ಅದು ಶಾಯಿಯಲ್ಲಿ ಅಚ್ಚಾದದ್ದಲ್ಲ, ಬಿಸಿಗೆ ಕಪ್ಪಾಗುವ ನುಣುಪು ಕಾಗದ. ಅಂಗಿ ಜೇಬಿನ ಬೆವರು, ಬೈಕಿನ ಸೀಟಿನ ಬಿಸಿಲು, ಪ್ಲಾಸ್ಟಿಕ್ ಹಾಳೆಯ ಒತ್ತಡ ಇವುಗಳಿಗೆ ಸಿಕ್ಕಿ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಚೀಟಿಯಾಗುತ್ತದೆ. ಭದ್ರವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಲು ಹೋದ ಒಬ್ಬರ ರಸೀದಿ ಯಂತ್ರದ ಬಿಸಿಗೆ ಪೂರ್ತಿ ಕಪ್ಪಾಗಿ ಹೊರಬಂದಿದ್ದನ್ನು ನಾನೇ ಕಂಡಿದ್ದೇನೆ. ಅಂದೇ ಎರಡು ಜೆರಾಕ್ಸ್ ತೆಗೆಸಿ, ಒಂದು ಫೋಟೊ ತೆಗೆದಿಡಿ. ಮೂಲ ರಸೀದಿಯನ್ನು ಒಣ ಕಾಗದದ ಕವರಿನಲ್ಲಿ, ಬೆಳಕು ಬೀಳದ ಕಡೆ ಇಡಿ. ಅದರ ಮೇಲೆ ಗೋಂದು, ಸೆಲ್ಲೊಟೇಪು ಹಚ್ಚಬೇಡಿ. ಅಚ್ಚಾದ ಹೆಸರು, ಪಿನ್‌ಕೋಡು ಸರಿಯಿದೆಯೇ ಎಂದು ಕೌಂಟರು ಬಿಡುವ ಮೊದಲೇ ನೋಡಿ. ಅವಸರದಲ್ಲಿ ಒಂದು ಅಂಕಿ ತಪ್ಪಿ ಹೊಡೆದಿದ್ದರೆ ಅಲ್ಲೇ ಸರಿಮಾಡಿಸಬಹುದು. ಮನೆಗೆ ಬಂದ ಮೇಲೆ ನೋಡಿದರೆ ಹೊಸದಾಗಿ ಕಳಿಸುವುದೊಂದೇ ದಾರಿ.

ಮೂರನೆಯ ದಿನದಿಂದ ಅಂಚೆ ಇಲಾಖೆಯ ಟ್ರ್ಯಾಕಿಂಗ್ ಪುಟದಲ್ಲಿ ನಂಬರು ಹಾಕಿ ನೋಡುತ್ತಿರಿ. ಡೆಲಿವರಿ ಆಗಿದೆ ಎಂದು ಬಂದ ದಿನವೇ ಆ ಪುಟವನ್ನು ಪ್ರಿಂಟ್ ತೆಗೆಯಿರಿ. ಆ ಮಾಹಿತಿ ಅಲ್ಲಿ ಕಾಯಂ ಇರುವುದಿಲ್ಲ. ವರ್ಷದ ನಂತರ ದಾವೆ ಹೂಡುವಾಗ ನಂಬರು ಹಾಕಿದರೆ ಪುಟ ಖಾಲಿ ಬರುತ್ತದೆ. ಡೆಲಿವರಿ ಪುರಾವೆ ಕೈಗೆ ಬರದಿದ್ದರೆ, ಕಾಯದೆ ತಿಪಟೂರಿನ ಪೋಸ್ಟ್‌ಮಾಸ್ಟರಿಗೆ ಲಿಖಿತ ಅರ್ಜಿ ಕೊಟ್ಟು, ಇಂಥ ನಂಬರಿನ ಅಂಚೆ ಯಾವ ದಿನ ಯಾರಿಗೆ ಕೊಡಲಾಯಿತು ಎಂದು ಕೇಳಿ. ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಅವರ ಉತ್ತರ ಬಂದರೆ ಅದು ಟ್ರ್ಯಾಕಿಂಗ್ ಪ್ರಿಂಟಿಗಿಂತ ಎಷ್ಟೋ ಗಟ್ಟಿ.

ಕವರು ವಾಪಸ್ ಬಂದರೆ ಅದನ್ನು ಒಡೆಯಬೇಡಿ! ಕುತೂಹಲಕ್ಕೂ ಬೇಡ, ಒಳಗಿನ ನೋಟಿಸ್ ಇನ್ನೊಮ್ಮೆ ಬಳಸೋಣ ಎಂದೂ ಬೇಡ. ಮೊಹರುಗಳು, ಪೋಸ್ಟ್‌ಮ್ಯಾನ್ ಕೈಬರಹದ ಷರಾ, ತಾರೀಕುಗಳು ಇರುವ ಆ ಮುಚ್ಚಿದ ಕವರನ್ನು ಹಾಗೆಯೇ ಇಟ್ಟು, ಕೋರ್ಟಿನಲ್ಲಿ ಎಲ್ಲರ ಎದುರು ತೆರೆಸಬೇಕು. ಒಳಗಿನಿಂದ ನಿಮ್ಮ ಪ್ರತಿಗೆ ತಾಳೆಯಾಗುವ ನೋಟಿಸ್ ಹೊರಬಂದಾಗ, ಒಳಗೆ ಏನಿತ್ತು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಹಾಗೆ ನೋಡಿದರೆ, ಒಪ್ಪಿಕೊಂಡ ಕವರಿಗಿಂತ ನಿರಾಕರಿಸಿದ ಕವರೇ ಕೆಲವೊಮ್ಮೆ ನಮಗೆ ಹೆಚ್ಚು ಅನುಕೂಲ.

ಕರಾರು ‘ಅಥವಾ ಕೊರಿಯರ್’ ಎಂದಿದೆಯಲ್ಲ, ಕೊರಿಯರ್ ಸುಲಭ ಅಲ್ಲವೇ ಎಂದು ನಿಮಗೆ ಅನಿಸಬಹುದು. ಕರಾರಿನ ಮಟ್ಟಿಗೆ ಅದೂ ಸಾಕು. ಆದರೆ 27ನೇ ಕಲಮು ರಿಜಿಸ್ಟರ್ಡ್ ಅಂಚೆಯ ಹೆಸರನ್ನಷ್ಟೇ ಹೇಳುತ್ತದೆ, ಕೊರಿಯರಿನ ಹೆಸರನ್ನು ಹೇಳುವುದಿಲ್ಲ. ಕೊರಿಯರಿನಲ್ಲಿ ಕಳಿಸಿದ್ದು ತಲುಪಿತು ಎಂದು ನೀವೇ ತೋರಿಸಬೇಕು. ತಕರಾರು ಬಂದರೆ ಅವರ ಕಚೇರಿಯವರನ್ನು ಸಾಕ್ಷಿಗೆ ಕರೆಸಬೇಕಾಗಬಹುದು. ಊರಿನ ಏಜೆನ್ಸಿಗಳು ಕೈ ಬದಲಾಗುತ್ತಿರುತ್ತವೆ, ಡೆಲಿವರಿ ಹಾಳೆಗಳನ್ನೂ ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ‘ಸೆಕ್ಯೂರಿಟಿ’ ಎಂದು ಗೀಚಿ ಹೋಗಿದ್ದರೆ ಅದು ದುರ್ಬಲ ಪುರಾವೆ. ಮಾಲೀಕರು ನಿಜವಾಗಿ ಇರುವ ಬೆಂಗಳೂರಿನ ವಿಳಾಸಕ್ಕೆ ಅಂಚೆಯ ಜೊತೆಗೆ ಮೂರನೆಯದಾಗಿ ಒಂದು ಕೊರಿಯರ್ ಕಳಿಸಿ, ಒಂದು ವಾರದೊಳಗೆ ಸಹಿ ಇರುವ ಡೆಲಿವರಿ ಹಾಳೆಯ ಪ್ರತಿಯನ್ನು ಬರೆದು ಕೇಳಿ ತರಿಸಿಕೊಳ್ಳಿ. ಅಂಚೆಯ ಬದಲಿಗೆ ಕೊರಿಯರ್ ಬೇಡ. ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಕೈಗೆ ಕವರು ಕೊಟ್ಟು ಮೆಜೆಸ್ಟಿಕ್‌ನಲ್ಲಿ ಯಾರೋ ಇಸಿದುಕೊಳ್ಳುವ ರೂಢಿ ಇದೆ. ಅದು ಕೊರಿಯರ್ ಅಲ್ಲ, ಆ ದಾರಿ ಹಿಡಿಯಬೇಡಿ.

ಫೆಬ್ರವರಿ 16ರ ಸೋಮವಾರ ಕೂತು ಲೆಕ್ಕ ನೋಡಿ. ಎರಡು ಅಂಚೆಗಳಲ್ಲಿ ಒಂದಾದರೂ ಡೆಲಿವರಿ ಆಗಿದ್ದರೆ ಅಥವಾ ‘ನಿರಾಕರಿಸಿದರು’ ಎಂದು ಬಂದಿದ್ದರೆ ಮುಂದೆ ಏನೂ ಮಾಡಬೇಕಾಗಿಲ್ಲ. ಎರಡೂ ‘ಬಿಟ್ಟು ಹೋಗಿದ್ದಾರೆ’, ‘ವಿಳಾಸ ಸಾಲದು’ ಎಂದು ಬಂದಿದ್ದರೆ, ಅಥವಾ ಟ್ರ್ಯಾಕಿಂಗ್ ಎಲ್ಲೋ ನಿಂತುಬಿಟ್ಟಿದ್ದರೆ, ಸರಿಯಾದ ವಿಳಾಸ ತಿಳಿದು ಅಂದೇ ಮತ್ತೊಂದು ಕಳಿಸಿ. ಜೊತೆಗೆ ನಿಮಗೂ ಅವರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ, ನೋಟಿಸನ್ನು ಕೈಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ‘ಪ್ರತಿ ತಲುಪಿದೆ’ ಎಂದು ತಾರೀಕಿನೊಂದಿಗೆ ಸಹಿ ಕೇಳಿ. ಸಹಿ ಹಾಕಿದರೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಹಾಕದಿದ್ದರೆ ಜೊತೆಗೆ ಬಂದವರು ಸಾಕ್ಷಿ. ಎಷ್ಟೋ ಮಾಲೀಕರು ಬಾಗಿಲಿಗೆ ಬಂದವರಿಗೆ ಕಾಫಿ ಕೊಟ್ಟು, ‘ಅದಕ್ಕೇನಂತೆ, ಕೊಡಿ’ ಎಂದು ಸಹಿ ಹಾಕಿ ಕಳಿಸಿದ್ದನ್ನೂ ನೋಡಿದ್ದೇನೆ.

ಫೆಬ್ರವರಿ ದಾಟಿದ ಮೇಲೆ ಮಾಲೀಕರು ಹೆಚ್ಚಿನ ಬಾಡಿಗೆ ಕೇಳಿದರೆ ಮೌನವಾಗಿ ಕಟ್ಟಬೇಡಿ. ಜೂನ್ ತಿಂಗಳಿಗೆಂದು ಒಂದೇ ಒಂದು ಕಂತು 30,800 ಕಟ್ಟಿದರೂ ಮುಂದುವರಿಕೆಗೆ ನೀವೇ ಒಪ್ಪಿದಿರಿ ಎನ್ನುತ್ತಾರೆ. ಮೇ 31ರೊಳಗೆ ಕೊಬ್ಬರಿ ಮೂಟೆಗಳೆಲ್ಲ ಆಚೆ ಹೋಗಿ ಗೋದಾಮು ಗುಡಿಸಿರಬೇಕು. ನೋಟಿಸ್ ಕೊಟ್ಟೂ ಹತ್ತು ಮೂಟೆ ಒಳಗೇ ಬಿಟ್ಟರೆ ಸ್ವಾಧೀನ ಒಪ್ಪಿಸಿದಂತೆ ಆಗುವುದಿಲ್ಲ. ಬೀಗದ ಕೈ ಕೊಡುವಾಗ ಎರಡು ಸಾಲಿನ ರಸೀದಿ ಬರೆಸಿಕೊಳ್ಳಿ. ತಗೊಳ್ಳಲು ಮಾಲೀಕರು ಬರದಿದ್ದರೆ, ಬೀಗದ ಕೈ ಸಿದ್ಧವಿದೆ, ಬಂದು ತಗೊಳ್ಳಿ ಎಂಬ ಪತ್ರವನ್ನು ಇದೇ ಎರಡು ವಿಳಾಸಕ್ಕೆ, ಇದೇ ರೀತಿ, ಮೇ 31ಕ್ಕೆ ಮೊದಲೇ ಮುಟ್ಟುವಂತೆ ಕಳಿಸಿ.